ಕೀಲಿಮಣೆಯ ಸಾಕ್ಷ್ಯ

ಕಂಪ್ಯೂಟರಿನ ಒಂದು ಕೀಲಿ ಒತ್ತಿದರೆ ಯಂತ್ರಕ್ಕೆ ಎರಡು ಸುದ್ದಿ ತಲುಪುತ್ತವೆ. ಕೀಲಿ ಕೆಳಗಿಳಿದದ್ದು ಒಂದು, ಬೆರಳು ಎತ್ತಿದ ಮೇಲೆ ಅದು ಮೇಲೆದ್ದದ್ದು ಇನ್ನೊಂದು. ಇವೆರಡನ್ನೂ ಸಮಯದ ಸಮೇತ ಬರೆದಿಡುವ ಪ್ರೋಗ್ರಾಮಿಗೆ ಕೀಲಾಗರ್ ಎನ್ನುತ್ತಾರೆ. ಪಾಸ್‌ವರ್ಡ್ ಕದಿಯುವವರ ಕೈಯಲ್ಲಿ ಕುಖ್ಯಾತಿ ಪಡೆದ ಈ ತಂತ್ರ ಈಗ ಶಾಲೆ, ಕಾಲೇಜು, ಪ್ರಕಾಶನ ಸಂಸ್ಥೆಗಳಲ್ಲಿ ಬೇರೆಯೇ ಕೆಲಸಕ್ಕೆ ಬಂದಿದೆ. ಒಂದು ಪ್ರಬಂಧವನ್ನು ಅದರ ಕೆಳಗೆ ಹೆಸರಿರುವವರೇ ಬರೆದರೇ, ಬೇರೆ ಕಡೆಯಿಂದ ತಂದು ಇಳಿಸಿದರೇ ಎಂಬ ಸಂಶಯ ಎದ್ದಾಗ, ಆ ಪ್ರಬಂಧ ಹುಟ್ಟಿದ ಬಗೆಯನ್ನೇ ಸಾಕ್ಷಿಯಾಗಿ ಕರೆಯಲಾಗುತ್ತಿದೆ.

ಇಂಥ ದಾಖಲೆಯ ಒಂದು ತುಣುಕು ಹೀಗಿರುತ್ತದೆ. ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಒಬ್ಬರು ‘ಮನ’ ಎಂದು ಹೊಡೆದು, ತಡೆದು, ಕೊನೆಯ ಅಕ್ಷರ ಅಳಿಸಿದ್ದಾರೆ. ಎಡಗಡೆ ಇರುವುದು ಸೆಕೆಂಡುಗಳು.

```
12.400  down  m
12.491  up    m
12.578  down  n
12.660  up    n
15.912  down  Backspace
15.998  up    Backspace
```

ಆರೇ ಸಾಲು, ಆದರೆ ಇದರಲ್ಲಿ ಎರಡು ಬೇರೆ ಬೇರೆ ಕಥೆಗಳಿವೆ. ಮೊದಲ ಕೀಲಿಯ ಮೇಲೆ ಬೆರಳು 91 ಮಿಲಿಸೆಕೆಂಡು ಇತ್ತು. ಅದನ್ನು ಬಿಟ್ಟು ಎರಡನೆಯದನ್ನು ಒತ್ತಲು 87 ಮಿಲಿಸೆಕೆಂಡು ಹಿಡಿಯಿತು. ಈ ಸೂಕ್ಷ್ಮ ಲಯ ಬೆರಳಿಗೆ ಸೇರಿದ್ದು. ಬರೆಯುವವರಿಗೇ ಅದರ ಅರಿವಿರುವುದಿಲ್ಲ. ಆಮೇಲಿನ ಮೂರು ಸೆಕೆಂಡಿಗೂ ಮೀರಿದ ಮೌನ ಮತ್ತು ಅಳಿಸುವಿಕೆ ಮನಸ್ಸಿಗೆ ಸೇರಿದ್ದು: ಬರೆಯಲು ಹೊರಟ ಪದ ಬೇಡವೆನಿಸಿತು. ಟೈಪ್ ಮಾಡಿದವರು ಯಾರು ಎಂದು ಕೇಳುವವರು ಮೊದಲನೆಯದನ್ನು ನೋಡುತ್ತಾರೆ, ಬರಹ ಹೇಗೆ ರೂಪುಗೊಂಡಿತು ಎಂದು ಕೇಳುವವರು ಎರಡನೆಯದನ್ನು. ಒಂದೇ ದಾಖಲೆಯಲ್ಲಿ ಎರಡೂ ಬಂದುಬಿಡುವುದರಿಂದ ಇವನ್ನು ಒಂದೇ ಎಂದು ಎಣಿಸುವುದು ರೂಢಿಯಾಗಿದೆ. ಸಾಕ್ಷ್ಯದ ಬಲವನ್ನು ಅಳೆಯುವಾಗಲೂ ಖಾಸಗಿತನದ ನಷ್ಟವನ್ನು ಅಳೆಯುವಾಗಲೂ ಇವನ್ನು ಬಿಡಿಸಿ ನೋಡಲೇಬೇಕು.

ಬೆರಳಿನ ಲಯದಿಂದ ಮನುಷ್ಯರನ್ನು ಗುರುತಿಸಬಹುದೆಂಬ ಎಣಿಕೆ ತಂತಿ ಕಚೇರಿಗಳ ಕಾಲದ್ದು. ಮೋರ್ಸ್ ಸಂಕೇತ ಕಳಿಸುವವರ ‘ಕೈ’ಯನ್ನು ದೂರದ ಕಚೇರಿಯ ಸಹೋದ್ಯೋಗಿಗಳು ಕಿವಿಯಿಂದಲೇ ಗುರುತಿಸುತ್ತಿದ್ದರು. ಕೀಲಿಮಣೆಯ ಮೇಲೆ ಇದನ್ನು ಪರೀಕ್ಷಿಸಿದ ಆರಂಭದ ಪ್ರಯತ್ನಗಳಲ್ಲಿ ಒಂದು ಅಮೆರಿಕದ ರ‍್ಯಾಂಡ್ ಸಂಸ್ಥೆಯ 1980ರ ವರದಿ. ಅದು ಕೆಲವೇ ವೃತ್ತಿಪರ ಟೈಪಿಸ್ಟರ ಮೇಲೆ ನಡೆದ ಅಧ್ಯಯನ.

ಬರವಣಿಗೆಯ ಪ್ರಕ್ರಿಯೆಯನ್ನು ದಾಖಲಿಸುವ ಉಪಕರಣಗಳು ಬಂದದ್ದು ಇನ್ನೊಂದು ದಾರಿಯಿಂದ. ಅನುವಾದಕರು ಎಲ್ಲಿ ನಿಲ್ಲುತ್ತಾರೆ, ಏನನ್ನು ತಿದ್ದುತ್ತಾರೆ ಎಂದು ತಿಳಿಯಲು ಕೋಪನ್‌ಹೇಗನ್ನಿನ ಆರ್ನ್ಟ್ ಲಿಕ್ಕ ಯಾಕೋಬ್ಸನ್ 1990ರ ದಶಕದ ನಡುವೆ ‘ಟ್ರಾನ್ಸ್‌ಲಾಗ್’ ಎಂಬ ಪ್ರೋಗ್ರಾಮನ್ನು ರೂಪಿಸಿದರು. ಬೆಲ್ಜಿಯಮ್ಮಿನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ಲೂಕ್ ಫಾನ್ ವಾಸ್ ಮತ್ತು ಮಾರಿಯೆಲ್ಲೆ ಲೈಟನ್ ‘ಇನ್‌ಪುಟ್‌ಲಾಗ್’ ಬೆಳೆಸಿದರು. ಇವುಗಳ ಉದ್ದೇಶ ಯಾರನ್ನೂ ಹಿಡಿಯುವುದಾಗಿರಲಿಲ್ಲ. ಭಾಗವಹಿಸಿದವರು ಒಪ್ಪಿ ಕುಳಿತಿದ್ದರು. ಬರವಣಿಗೆಯ ಕಷ್ಟ ಎಲ್ಲಿದೆ ಎಂದು ಕಾಣುವುದಷ್ಟೇ ಸಂಶೋಧಕರಿಗೆ ಬೇಕಿತ್ತು. ಎರಡು ಸೆಕೆಂಡಿಗಿಂತ ಹೆಚ್ಚಿನ ಮೌನವನ್ನು ‘ವಿರಾಮ’ ಎಂದು ಎಣಿಸುವ ಪದ್ಧತಿ ಈ ಕ್ಷೇತ್ರದಲ್ಲಿ ಬಹಳ ಕಾಲದಿಂದ ಇದೆ. ಅವರು ಕಂಡುಕೊಂಡದ್ದರ ಸಾರ ಇಷ್ಟು: ಸ್ವಂತವಾಗಿ ಬರೆಯುವವರು ಪದದ ಒಳಗೆ ಹೆಚ್ಚು ನಿಲ್ಲುವುದಿಲ್ಲ, ವಾಕ್ಯ ಶುರುವಾಗುವ ಮುನ್ನ ನಿಲ್ಲುತ್ತಾರೆ, ಹೊಸ ಪ್ಯಾರಾದ ಮುನ್ನ ಇನ್ನೂ ಹೆಚ್ಚು ನಿಲ್ಲುತ್ತಾರೆ. ಬರೆದದ್ದಕ್ಕೆ ಮರಳುತ್ತಾರೆ, ಮುಂದಿನ ಸಾಲು ಬರೆಯುವಾಗ ಹಿಂದಿನ ಸಾಲಿನ ತಪ್ಪು ಹೊಳೆಯುತ್ತದೆ. ನಕಲು ಇಳಿಸುವವರಲ್ಲಿ ಈ ಏರಿಳಿತ ಕಡಿಮೆ. ಕಣ್ಣು ಒಮ್ಮೆಗೆ ಹಿಡಿಯಬಲ್ಲಷ್ಟು ಪದಗಳನ್ನು ಓದಿ, ಹೊಡೆದು, ಮತ್ತೆ ಓದುತ್ತಾರೆ. ಮೌನಗಳು ಅರ್ಥದ ಗಡಿಯಲ್ಲಿ ಬೀಳದೆ ಕಣ್ಣಿನ ಅಳತೆಗೆ ತಕ್ಕಂತೆ ಬೀಳುತ್ತವೆ.

ಈ ಜ್ಞಾನ ಪ್ರಯೋಗಾಲಯ ಬಿಟ್ಟು ಹೊರಬಂದದ್ದಕ್ಕೆ 2022ರ ನವೆಂಬರ್‌ನಲ್ಲಿ ಬಿಡುಗಡೆಯಾದ ಚಾಟ್‌ಜಿಪಿಟಿ ದೊಡ್ಡ ಕಾರಣ. ಕೇಳಿದ್ದಕ್ಕೆಲ್ಲ ಪ್ರಬಂಧ ಬರೆದುಕೊಡುವ ಯಂತ್ರ ಬಂದೊಡನೆ, ಪ್ರಬಂಧವನ್ನು ಓದಿ ‘ಇದು ಯಂತ್ರದ್ದು’ ಎಂದು ಹೇಳುವ ಪತ್ತೆ ಸಾಧನಗಳೂ ಬಂದವು. ಅವು ನಂಬಿಕೆ ಉಳಿಸಿಕೊಳ್ಳಲಿಲ್ಲ. ಓಪನ್‌ಎಐ ತಾನೇ ಹೊರತಂದ ಪತ್ತೆ ಸಾಧನ ಯಂತ್ರದ ಬರಹಗಳಲ್ಲಿ ನೂರಕ್ಕೆ 26ನ್ನು ಮಾತ್ರ ಹಿಡಿಯುತ್ತಿತ್ತು, ಮನುಷ್ಯರ ಬರಹಗಳಲ್ಲಿ ನೂರಕ್ಕೆ 9ನ್ನು ಯಂತ್ರದ್ದೆಂದು ತಪ್ಪಾಗಿ ಹೇಳುತ್ತಿತ್ತು. 2023ರ ಜುಲೈನಲ್ಲಿ ಸಂಸ್ಥೆ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಸಂಶೋಧಕರು ಏಳು ಪತ್ತೆ ಸಾಧನಗಳಿಗೆ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಕೊಟ್ಟರು. ಸರಾಸರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳಿಗೆ ಯಂತ್ರದ ಮುದ್ರೆ ಬಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ, ಸರಳ ಇಂಗ್ಲಿಷಿನಲ್ಲಿ ಎಚ್ಚರದಿಂದ ಬರೆಯುವ ವಿದ್ಯಾರ್ಥಿಗೂ ಇದೇ ಅಪಾಯವಿದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗೆ ಮುದ್ರೆ ಬಿದ್ದ ವಿದ್ಯಾರ್ಥಿಗಳಲ್ಲಿ ಹಲವರು ತಮ್ಮ ರಕ್ಷಣೆಗೆ ತೆರೆದು ತೋರಿಸಿದ್ದು ಗೂಗಲ್ ಡಾಕ್ಸ್‌ನ ಆವೃತ್ತಿ ಇತಿಹಾಸವನ್ನು. ಡಾಕ್ಸ್‌ನಲ್ಲಿ ಬರೆದರೆ ಯಾವ ಅಕ್ಷರ ಯಾವಾಗ ಸೇರಿತು, ಯಾವಾಗ ಹೋಯಿತು ಎಂಬುದು ಸರ್ವರಿನಲ್ಲಿ ಉಳಿಯುತ್ತದೆ. ಮೆನುವಿನಲ್ಲಿ ಕಾಣುವುದು ಗುಂಪು ಕಟ್ಟಿದ ಕೆಲವು ಆವೃತ್ತಿಗಳಷ್ಟೇ. ಜೇಮ್ಸ್ ಸೋಮರ್ಸ್ ಎಂಬ ಅಮೆರಿಕದ ಬರಹಗಾರ ಮತ್ತು ಪ್ರೋಗ್ರಾಮರ್ ರೂಪಿಸಿದ ‘ಡ್ರಾಫ್ಟ್‌ಬ್ಯಾಕ್’ ಎಂಬ ಬ್ರೌಸರ್ ವಿಸ್ತರಣೆ ಆ ಒಳಗಿನ ದಾಖಲೆಯನ್ನೆಲ್ಲ ಎತ್ತಿ, ಪ್ರಬಂಧ ಬೆಳೆಯುವುದನ್ನು ಸಿನಿಮಾದಂತೆ ಓಡಿಸುತ್ತದೆ. 2024ರಲ್ಲಿ ಗ್ರಾಮರ್ಲಿ ‘ಆಥರ್‌ಶಿಪ್’ ಎಂಬ ಸೌಲಭ್ಯ ತಂದಿತು. ಬರೆಯುವವರು ಅದನ್ನು ಚಾಲೂ ಮಾಡಿದರೆ, ಎಷ್ಟು ಭಾಗ ಟೈಪ್ ಆಯಿತು, ಎಷ್ಟು ಪೇಸ್ಟ್ ಆಯಿತು, ಎಷ್ಟು ಯಂತ್ರದಿಂದ ಬಂತು ಎಂಬ ವರದಿ ಸಿಗುತ್ತದೆ. ಕೀಲಿಯ ಮೇಲೆ ಬೆರಳು ಎಷ್ಟು ಹೊತ್ತಿತ್ತು ಎಂಬುದು ಡಾಕ್ಸ್‌ನ ಇತಿಹಾಸದಲ್ಲಿ ಇರುವುದಿಲ್ಲ. ಅಲ್ಲಿರುವುದು ಪ್ರಕ್ರಿಯೆ ಮಾತ್ರ. ಇದು ಮುಂದೆ ಬರುವ ಮಾತಿಗೆ ಮುಖ್ಯ.

ಇತಿಹಾಸವನ್ನು ಓದುವುದು ಹೇಗೆ ಎಂಬುದಕ್ಕೆ ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳಬಹುದು. ಪದವಿ ತರಗತಿಯ ಇಬ್ಬರು ವಿದ್ಯಾರ್ಥಿನಿಯರು ತಮ್ಮ ಊರಿನ ಕೆರೆಯ ಬಗ್ಗೆ ಹೆಚ್ಚುಕಡಿಮೆ ಸಮನಾದ ಉದ್ದದ ಕನ್ನಡ ಪ್ರಬಂಧ ಕೊಟ್ಟಿದ್ದಾರೆ. ಎರಡರಲ್ಲೂ ಕೊನೆಗೆ ಉಳಿದ ಅಕ್ಷರಚಿಹ್ನೆಗಳು 5,600.

ಮೊದಲನೆಯವಳು ಮೂರು ದಿನಗಳಲ್ಲಿ ನಾಲ್ಕು ಸಲ ಕೂತು ಬರೆದದ್ದು ಇತಿಹಾಸದಲ್ಲಿದೆ. ಒಟ್ಟು ಹೊಡೆದದ್ದು 9,100 ಚಿಹ್ನೆ. ಅಂದರೆ ನೂರರಲ್ಲಿ ಸುಮಾರು 62 ಉಳಿದಿವೆ, ಮಿಕ್ಕದ್ದು ಹೋಗಿದೆ. ಎರಡನೆಯ ದಿನ ಅವಳು ಪೀಠಿಕೆಯ ಪ್ಯಾರಾ ತೆಗೆದು, ಮೂರನೆಯ ಪ್ಯಾರಾದಲ್ಲಿದ್ದ ಹೂಳಿನ ವಿಷಯವನ್ನು ಮೊದಲಿಗೆ ತಂದಿದ್ದಾಳೆ. ಅದರಿಂದ ನಾಲ್ಕನೆಯ ಪ್ಯಾರಾದ ಒಂದು ವಾಕ್ಯ ಅನಾಥವಾಯಿತು. ಹನ್ನೊಂದು ನಿಮಿಷದ ನಂತರ ಅದನ್ನು ಕಂಡು ತಿದ್ದಿದ್ದಾಳೆ. ಓದಿನಲ್ಲಿ ಬೆಲೆಯುಳ್ಳದ್ದು ಇಂಥ ಸರಪಳಿ. ಒಂದು ಬದಲಾವಣೆ ಇನ್ನೊಂದನ್ನು ಬೇಡುತ್ತದೆ, ಬರೆದವಳು ಆ ಬೇಡಿಕೆಯನ್ನು ಗುರುತಿಸಿದ್ದಾಳೆ. ಎಷ್ಟು ಹೊತ್ತು ಕೂತಳು, ಎಷ್ಟು ಸಲ ಅಳಿಸಿದಳು ಎಂಬ ಲೆಕ್ಕಗಳನ್ನು ಸುಲಭವಾಗಿ ಹುಟ್ಟಿಸಬಹುದು; ಅರ್ಥದಿಂದ ಅರ್ಥಕ್ಕೆ ಹೋಗುವ ತಿದ್ದುಪಡಿಗಳ ಸರಪಳಿಯನ್ನು ಹುಟ್ಟಿಸಲು ಪ್ರಬಂಧ ಬರೆದಷ್ಟೇ ಕಷ್ಟಪಡಬೇಕಾಗುತ್ತದೆ.

ಎರಡನೆಯವಳು ಒಂದೇ ಸಲ ಕೂತು ಬರೆದಿದ್ದಾಳೆ, 52 ನಿಮಿಷ. ಹೊಡೆದದ್ದು 5,900, ಉಳಿದದ್ದು 5,600. ಅಳಿಸಿದ್ದೆಲ್ಲ ಪದದೊಳಗಿನ ಸಣ್ಣ ತಪ್ಪುಗಳು. ಒಮ್ಮೆಯೂ ಹಿಂದಿನ ಪ್ಯಾರಾಕ್ಕೆ ಮರಳಿಲ್ಲ. ಮೌನಗಳು ಆರೇಳು ಪದಕ್ಕೊಮ್ಮೆ, ಹೆಚ್ಚುಕಡಿಮೆ ಒಂದೇ ಅಳತೆಯವು, ವಾಕ್ಯದ ನಡುವೆಯೇ ಬೀಳುತ್ತವೆ. ಇದು ಇಳಿಸಿದ ಬರಹ ಎಂದು ಹೇಳಲು ಒಳ್ಳೆಯ ಆಧಾರವಿದೆ. ಆದರೆ ಯಾವುದರಿಂದ ಇಳಿಸಿದ್ದು? ಅದನ್ನು ದಾಖಲೆ ಹೇಳುವುದಿಲ್ಲ, ಹೇಳಲಾರದು. ಚಾಟ್‌ಜಿಪಿಟಿಯ ಉತ್ತರ ಪಕ್ಕದ ಫೋನಿನಲ್ಲಿ ಇದ್ದಿರಬಹುದು. ಅವಳದೇ ನೋಟ್‌ಬುಕ್ ಪಕ್ಕದಲ್ಲಿ ಇದ್ದಿರಬಹುದು. ಮನೆಯಲ್ಲಿ ಕಂಪ್ಯೂಟರಿಲ್ಲದೆ, ಕೈಯಲ್ಲಿ ಬರೆದು, ಕಾಲೇಜಿನ ಲ್ಯಾಬಿನಲ್ಲಿ ಸಿಕ್ಕ ಒಂದು ಗಂಟೆಯಲ್ಲಿ ಟೈಪ್ ಮಾಡುವ ವಿದ್ಯಾರ್ಥಿಯ ಇತಿಹಾಸ ಚಿಹ್ನೆ ಚಿಹ್ನೆಗೂ ಇದೇ ರೀತಿ ಇರುತ್ತದೆ. ಅವಳು ನೋಟ್‌ಬುಕ್ ತಂದರೆ, ಅದರಲ್ಲಿ ಹೊಡೆದುಹಾಕಿದ ಸಾಲುಗಳು, ಅಂಚಿನಲ್ಲಿ ಸೇರಿಸಿದ ಮಾತುಗಳು ಕಂಡರೆ, ಸಂಶಯ ಅಲ್ಲಿಗೆ ಮುಗಿಯುತ್ತದೆ. ಮುಗಿಸಿದ್ದು ಕೀಲಿಮಣೆಯ ದಾಖಲೆಯಲ್ಲ, ಅದರ ಹೊರಗಿನ ಕಾಗದ.

ಇದರಿಂದ ಈ ಸಾಕ್ಷ್ಯದ ಸ್ವಭಾವ ತಿಳಿಯುತ್ತದೆ. ಅದು ಎರಡು ಕಡೆಗೂ ಸಮನಾಗಿ ತೂಗುವುದಿಲ್ಲ. ಸಮೃದ್ಧವಾದ ಇತಿಹಾಸ ಬರೆದವರ ಪರವಾಗಿ ಬಲವಾಗಿ ನಿಲ್ಲುತ್ತದೆ. ಬಡವಾದ ಇತಿಹಾಸ ಅವರ ವಿರುದ್ಧ ಹೆಚ್ಚೇನೂ ಸಾಧಿಸುವುದಿಲ್ಲ. ನಿರಪರಾಧಿಯ ಕೈಗೆ ಕೊಟ್ಟರೆ ಒಳ್ಳೆಯ ರಕ್ಷಣೆ, ಆರೋಪ ಮಾಡುವವರ ಕೈಗೆ ಕೊಟ್ಟರೆ ಕೆಟ್ಟ ಆಯುಧ. ಸಂಸ್ಥೆಗಳು ಇದನ್ನು ಕಡ್ಡಾಯ ಮಾಡಹೊರಟಾಗ ಮೊದಲು ಮರೆಯುವುದು ಇದನ್ನೇ.

ಇತಿಹಾಸ ಬಡವಾಗಲು ಮೋಸದ ಹೊರತಾಗಿಯೂ ಬೇಕಾದಷ್ಟು ಕಾರಣಗಳಿವೆ. ಡಾಕ್ಸ್‌ನಲ್ಲಿ ‘ಪ್ರತಿ ಮಾಡು’ ಎಂದು ಕೊಟ್ಟರೆ ಹೊಸ ಕಡತದ ಇತಿಹಾಸ ಇಡೀ ಪ್ರಬಂಧ ಒಮ್ಮೆಗೇ ಬಂದು ಕುಳಿತಲ್ಲಿಂದ ಶುರುವಾಗುತ್ತದೆ. ಬೇರೊಂದು ತಂತ್ರಾಂಶದಲ್ಲಿ ಬರೆದು ಅಂಟಿಸಿದರೂ ಹಾಗೆಯೇ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ‘manege’ ಎಂದು ಹೊಡೆದು ಸ್ಪೇಸ್ ಒತ್ತಿದಾಗ ‘ಮನೆಗೆ’ ಎಂದು ಬದಲಾಗುವ ಲಿಪ್ಯಂತರ ಸಾಧನಗಳಲ್ಲಿ, ಕಡತಕ್ಕೆ ತಲುಪುವುದು ಆರು ಕೀಲಿಗಳಲ್ಲ, ಇಡಿಯಾದ ಒಂದು ಪದ. ಪದದೊಳಗಿನ ತಡವರಿಕೆ, ತಿದ್ದುಪಡಿ ಯಾವುದೂ ದಾಖಲಾಗುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಬರೆದರೆ ಬ್ರೌಸರಿಗೆ ಬಹುತೇಕ ಕೀಲಿಗಳೆಲ್ಲ `229` ಎಂಬ ಒಂದೇ ಸಂಖ್ಯೆಯಾಗಿ ಕಾಣುತ್ತವೆ. ಯಾವ ಕೀಲಿ ಎಂದು ಅದಕ್ಕೆ ಗೊತ್ತಾಗುವುದೇ ಇಲ್ಲ. ಮುಂದಿನ ಪದವನ್ನು ಸೂಚಿಸುವ ಪಟ್ಟಿಯಿಂದ ಆರಿಸಿದರೆ ಪದಕ್ಕೆ ಪದವೇ ಇಳಿಯುತ್ತದೆ. ಫೋನಿಗೆ ಮಾತಾಡಿ ಬರೆಸಿದರೆ ವಾಕ್ಯವೇ ಒಮ್ಮೆಗೆ ಬರುತ್ತದೆ, ಹೊರಗಿನಿಂದ ನೋಡಿದರೆ ಪೇಸ್ಟ್ ಮಾಡಿದಂತೆ. ಇಂಗ್ಲಿಷ್ ಕೀಲಿಮಣೆಯ ಮೇಲೆ ಹತ್ತು ಬೆರಳಿನಲ್ಲಿ ಬರೆಯುವವರನ್ನು ಮಾದರಿಯಾಗಿಟ್ಟು ಕಟ್ಟಿದ ಅಳತೆಗೋಲು ಇಂಥವರನ್ನು ಮೊದಲೇ ತಪ್ಪಿತಸ್ಥರ ಸಾಲಿಗೆ ತಳ್ಳುತ್ತದೆ. ಕೈನಡುಕವಿರುವವರು, ದೃಷ್ಟಿದೋಷವಿದ್ದು ಧ್ವನಿಯಿಂದ ಬರೆಯುವವರು, ಡಿಸ್ಲೆಕ್ಸಿಯಾ ಇರುವವರು ಅದೇ ಸಾಲಿಗೆ ಬೀಳುತ್ತಾರೆ. ಇದು ಸಣ್ಣ ಅನ್ಯಾಯವಲ್ಲ.

ಇತ್ತ, ಸಮೃದ್ಧ ಇತಿಹಾಸವನ್ನು ಹುಟ್ಟಿಸುವ ಸಾಧನಗಳೂ ಬಂದಿವೆ. ಯಂತ್ರ ಬರೆದ ಪ್ರಬಂಧವನ್ನು ಕೊಟ್ಟರೆ ಅದನ್ನು ಅಕ್ಷರಕ್ಕಕ್ಷರ ನಿಧಾನವಾಗಿ, ನಡುನಡುವೆ ತಪ್ಪು ಹೊಡೆದು ತಿದ್ದುತ್ತ, ಗಂಟೆಗಟ್ಟಲೆ ಡಾಕ್ಸ್‌ನಲ್ಲಿ ಇಳಿಸುವ ವಿಸ್ತರಣೆಗಳು ಸಿಗುತ್ತವೆ. ಸದ್ಯಕ್ಕೆ ಇವನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ: ತಪ್ಪು ಬಂದ ತಕ್ಷಣ ತಿದ್ದುತ್ತವೆ, ಪ್ಯಾರಾ ಸ್ಥಳಾಂತರಿಸುವುದಿಲ್ಲ, ಬರೆದದ್ದನ್ನು ಕೈಬಿಡುವುದಿಲ್ಲ. ಆದರೆ ಯಾವ ಗುರುತಿನಿಂದ ಸಿಕ್ಕಿಬೀಳುತ್ತೇವೆ ಎಂದು ಗೊತ್ತಾದ ಮೇಲೆ ಆ ಗುರುತನ್ನು ಅಳಿಸಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಇನ್ನು, ಯಂತ್ರದ ಉತ್ತರ ಓದಿಕೊಂಡು ತನ್ನ ಮಾತಿನಲ್ಲಿ ಹಿಂದುಮುಂದು ಮಾಡಿ ಬರೆಯುವವರ ಇತಿಹಾಸ ಸ್ವಂತ ಬರಹದಂತೆಯೇ ಇರುತ್ತದೆ. ಬೆರಳುಗಳು ಅವರವೇ, ತಿದ್ದುಪಡಿಗಳೂ ಅವರವೇ. ಆಲೋಚನೆ ಎಲ್ಲಿಂದ ಬಂತು ಎಂಬುದಕ್ಕೆ ಕೀಲಿಮಣೆಯಲ್ಲಿ ಕೀಲಿ ಇಲ್ಲ.

ಹಾಗಾದರೆ ಬೆರಳಿನ ಲಯ ಏನಾದರೂ ಸೇರಿಸುತ್ತದೆಯೇ? ಪ್ರಬಂಧವನ್ನು ಅಕ್ಕ ಟೈಪ್ ಮಾಡಿಕೊಟ್ಟಳೋ, ವಿದ್ಯಾರ್ಥಿಯೇ ಮಾಡಿದಳೋ ಎಂದು ತಿಳಿಯಲು ಅದು ಬೇಕು ಎನ್ನುತ್ತಾರೆ. ಕೋರ್ಸೆರಾ ಸಂಸ್ಥೆ 2013ರಲ್ಲಿ ಪ್ರಮಾಣಪತ್ರ ಬಯಸುವವರಿಂದ ಒಂದು ಸಣ್ಣ ವಾಕ್ಯ ಟೈಪ್ ಮಾಡಿಸಿ ಅವರ ಲಯವನ್ನು ಗುರುತಾಗಿ ಇಟ್ಟುಕೊಂಡಿತ್ತು. ಈ ವಿಧಾನದ ನಿಖರತೆಯನ್ನು ಎಚ್ಚರದಿಂದ ಅಳೆದವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆವಿನ್ ಕಿಲ್ಲೂರಿ ಮತ್ತು ರಾಯ್ ಮ್ಯಾಕ್ಸಿಯನ್. 2009ರ ಅವರ ಅಧ್ಯಯನದಲ್ಲಿ 51 ಜನ `.tie5Roanl` ಎಂಬ ಒಂದೇ ಪಾಸ್‌ವರ್ಡನ್ನು ತಲಾ 400 ಸಲ ಟೈಪ್ ಮಾಡಿದರು. ಹದಿನಾಲ್ಕು ವಿಧಾನಗಳನ್ನು ಹೋಲಿಸಿದಾಗ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದರ ತಪ್ಪಿನ ಪ್ರಮಾಣ ನೂರಕ್ಕೆ 9.6. ಅಂದರೆ ನಿಜವಾದವರನ್ನು ತಡೆಯುವ ತಪ್ಪು ಮತ್ತು ಬೇರೆಯವರನ್ನು ಒಳಬಿಡುವ ತಪ್ಪು ಎರಡೂ ಸಮವಾಗುವಂತೆ ಹೊಂದಿಸಿದಾಗ, ತಲಾ ಹತ್ತರಲ್ಲಿ ಒಂದರಷ್ಟು. ಅದೂ ಒಂದೇ ಪಠ್ಯ, ಒಂದೇ ಕೀಲಿಮಣೆ, ಪ್ರಯೋಗಾಲಯದ ಶಾಂತಿ ಇರುವಲ್ಲಿ. ಅರವತ್ತು ಜನರ ತರಗತಿಗೆ ಅದೇ ಪ್ರಮಾಣ ಅನ್ವಯಿಸಿದರೆ ಪ್ರಾಮಾಣಿಕರೇ ಆಗಿದ್ದರೂ ಸುಮಾರು ಆರು ಜನ ‘ಬೇರೆಯವರು’ ಎನಿಸಿಕೊಳ್ಳುತ್ತಾರೆ. ದೀರ್ಘ ಪಠ್ಯದಲ್ಲಿ ಹೆಚ್ಚು ಮಾದರಿ ಸಿಗುವುದರಿಂದ ತಪ್ಪು ಇಳಿಯಬಹುದು. ಆದರೆ ಮನೆಯ ಲ್ಯಾಪ್‌ಟಾಪಿನಿಂದ ಕಾಲೇಜಿನ ಕೀಲಿಮಣೆಗೆ ಹೋದರೆ, ಬೆರಳಿಗೆ ಗಾಯವಾದರೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಿದರೆ ಲಯವೂ ಹೊರಳುತ್ತದೆ. ಇಷ್ಟೆಲ್ಲ ಆಗಿ ಅದು ಗುರುತಿಸುವುದು ಟೈಪ್ ಮಾಡಿದವರನ್ನೇ ಹೊರತು ಬರೆದವರನ್ನಲ್ಲ. ಅಕ್ಕ ಹೇಳುತ್ತ ಹೋದದ್ದನ್ನು ತಂಗಿ ಟೈಪ್ ಮಾಡಿದರೆ ಲಯ ತಂಗಿಯದೇ.

ಕೊಡುವುದು ಇಷ್ಟು ಕಡಿಮೆಯಾದರೂ ಈ ಲಯ ಕಸಿದುಕೊಳ್ಳುವುದು ಬಹಳ. ಕೀಲಿ ಒತ್ತಿಹಿಡಿದ ಅವಧಿಯ ಏರುಪೇರಿನಿಂದಲೇ ಪಾರ್ಕಿನ್ಸನ್ ಕಾಯಿಲೆಯ ಆರಂಭದ ಚಿಹ್ನೆಗಳನ್ನು ಬೇರ್ಪಡಿಸಬಹುದು ಎಂದು ಎಂಐಟಿಯ ಸಂಶೋಧಕರು ಸ್ಪೇನಿನ ವೈದ್ಯರೊಂದಿಗೆ ಸೇರಿ 2016ರಲ್ಲಿ ತೋರಿಸಿದರು. ರೋಗಿಗಳು ಒಪ್ಪಿ ಕೊಟ್ಟಾಗ ಇದು ವೈದ್ಯಕೀಯಕ್ಕೆ ವರ. ಪ್ರಬಂಧ ಪರಿಶೀಲಿಸಲೆಂದು ಸಂಗ್ರಹಿಸಿದ ಕಡತದಲ್ಲಿ ಅದೇ ಮಾಹಿತಿ ಕೂತಿದೆ ಎಂಬುದು ಬರೆದವರಿಗೂ ಗೊತ್ತಿರುವುದಿಲ್ಲ, ಕೇಳಿದ ಅಧ್ಯಾಪಕರಿಗೂ ಗೊತ್ತಿರುವುದಿಲ್ಲ. ಇಟ್ಟುಕೊಂಡ ಕಂಪನಿಗೆ ಮುಂದೊಂದು ದಿನ ಗೊತ್ತಾಗಬಹುದು. ಅಕ್ಷರಗಳನ್ನು ತೆಗೆದು ಸಮಯಗಳನ್ನಷ್ಟೇ ಉಳಿಸಿದರೆ ಸಾಕು ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಬರ್ಕ್ಲಿಯ ಡಾನ್ ಸಾಂಗ್ ಮತ್ತು ಸಂಗಡಿಗರು 2001ರಲ್ಲಿ, ಗೂಢಲಿಪಿಯಲ್ಲಿ ಸಾಗುವ ಸಂಪರ್ಕದಲ್ಲಿ ಕೀಲಿಗಳ ನಡುವಿನ ಸಮಯವನ್ನು ಮಾತ್ರ ಗಮನಿಸಿ, ಪಾಸ್‌ವರ್ಡ್ ಹುಡುಕುವ ಶ್ರಮವನ್ನು ಸುಮಾರು 50 ಪಟ್ಟು ಇಳಿಸಬಹುದೆಂದು ತೋರಿಸಿದ್ದರು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಬೆರಳಿನ ಲಯ ಸೋರಿದರೆ ಬದಲಿಸಲು ಬೇರೆ ಬೆರಳುಗಳಿಲ್ಲ.

ಪ್ರಕ್ರಿಯೆಯ ದಾಖಲೆಯ ನಷ್ಟ ಬೇರೆ ಬಗೆಯದು. ಅದು ಉಳಿಸುವುದು ಬರೆದವರು ಹೇಳಬಾರದೆಂದು ತೀರ್ಮಾನಿಸಿದ್ದನ್ನು. ಕೆರೆಯ ಪ್ರಬಂಧ ಬರೆದ ಮೊದಲ ವಿದ್ಯಾರ್ಥಿನಿ ಒಂದು ಹಂತದಲ್ಲಿ, ಆ ಕೆರೆಯ ನೀರನ್ನು ತನ್ನ ಅಜ್ಜಿ ಮುಟ್ಟುವಂತಿರಲಿಲ್ಲ ಎಂದು ಬರೆದು, ಓದುವವರು ಯಾರೆಂದು ನೆನಪಾಗಿ ಅಳಿಸಿರಬಹುದು. ಊರಿನ ಗುತ್ತಿಗೆದಾರರ ಹೆಸರು ಬರೆದು ತೆಗೆದಿರಬಹುದು. ಹೇಳುವುದೋ ಬೇಡವೋ ಎಂಬ ಈ ನಿರ್ಧಾರ ಬರವಣಿಗೆಯ ಅತ್ಯಂತ ಸ್ವಂತದ ಭಾಗ. ಡಾಕ್ಸ್‌ನಲ್ಲಿ ತಿದ್ದುವ ಅಧಿಕಾರ ಪಡೆದ ಯಾರಿಗಾದರೂ ಅಳಿಸಿದ ಸಾಲುಗಳು ಇತಿಹಾಸದಲ್ಲಿ ಸಿಗುತ್ತವೆ. ಪ್ರಬಂಧವನ್ನು ಲಿಂಕ್ ಮೂಲಕ ಒಪ್ಪಿಸುವ ವಿದ್ಯಾರ್ಥಿಗಳಿಗೆ ಇದು ಬಹುಮಟ್ಟಿಗೆ ತಿಳಿದಿರುವುದಿಲ್ಲ. ಅಳಿಸುವಿಕೆ ಎಷ್ಟು ಸಾಮಾನ್ಯ ಎಂಬುದಕ್ಕೆ ಫೇಸ್‌ಬುಕ್ ಕಡೆಯವರೇ 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. 39 ಲಕ್ಷ ಬಳಕೆದಾರರನ್ನು 17 ದಿನ ಗಮನಿಸಿದಾಗ, ಅವರಲ್ಲಿ ನೂರಕ್ಕೆ 71 ಜನ ಒಮ್ಮೆಯಾದರೂ ಏನನ್ನೋ ಟೈಪ್ ಮಾಡಿ ಪ್ರಕಟಿಸದೆ ಬಿಟ್ಟಿದ್ದರು. ಆ ಸಂಶೋಧಕರು ಟೈಪ್ ಆದದ್ದು ಏನೆಂದು ಸಂಗ್ರಹಿಸಲಿಲ್ಲ, ಟೈಪ್ ಆಯಿತು ಎಂಬುದನ್ನಷ್ಟೇ ಎಣಿಸಿದರು. ಪ್ರಬಂಧದ ಇತಿಹಾಸ ಏನೆಂಬುದನ್ನೂ ಇಟ್ಟುಕೊಳ್ಳುತ್ತದೆ. ತನ್ನ ಕರಡನ್ನು ಯಾರೋ ಓಡಿಸಿ ನೋಡುತ್ತಾರೆ ಎಂದು ಗೊತ್ತಿರುವವರು ಕರಡಿನಲ್ಲೂ ಎಚ್ಚರವಾಗುತ್ತಾರೆ. ತಪ್ಪಾಗಿ ಬರೆದು ನೋಡುವ ಸ್ವಾತಂತ್ರ್ಯ ಅಲ್ಲಿಗೆ ಕುಗ್ಗುತ್ತದೆ.

ದಾಖಲೆ ಎಲ್ಲಿ ಕುಳಿತಿದೆ ಎಂಬುದರ ಮೇಲೂ ನಷ್ಟ ನಿಂತಿದೆ. ಕಡತದ ಒಳಗಿನ ಇತಿಹಾಸ ಆ ಕಡತದ್ದು ಮಾತ್ರ. ಬ್ರೌಸರಿನ ವಿಸ್ತರಣೆಗೆ ‘ಎಲ್ಲ ಪುಟಗಳನ್ನೂ ಓದುವ’ ಅನುಮತಿ ಕೊಟ್ಟರೆ ಅದರ ಕೈ ಪಕ್ಕದ ಟ್ಯಾಬಿನ ಅಂಚೆಗೂ ಬ್ಯಾಂಕಿಗೂ ಚಾಚಬಲ್ಲದು. ಇಡೀ ಯಂತ್ರದ ಮಟ್ಟದಲ್ಲಿ ಕೂರುವ ಕೀಲಾಗರ್‌ಗೆ ಯಾವ ಗಡಿಯೂ ಇಲ್ಲ. ಜರ್ಮನಿಯ ಒಕ್ಕೂಟ ಕಾರ್ಮಿಕ ನ್ಯಾಯಾಲಯದ ಮುಂದೆ 2017ರ ಜುಲೈ 27ರಂದು ತೀರ್ಮಾನವಾದದ್ದು ಇಂಥದ್ದೊಂದು ಪ್ರಕರಣ. ಒಂದು ಕಂಪನಿ ವೆಬ್ ಡೆವಲಪರ್ ಒಬ್ಬರ ಕೆಲಸದ ಕಂಪ್ಯೂಟರಿನಲ್ಲಿ ಎಲ್ಲ ಕೀಲಿಗಳನ್ನೂ ದಾಖಲಿಸಿ ಆಗಾಗ ತೆರೆಯ ಚಿತ್ರ ತೆಗೆಯುವ ಪ್ರೋಗ್ರಾಮ್ ಹಾಕಿತ್ತು. ಕಚೇರಿ ಸಮಯದಲ್ಲಿ ಸ್ವಂತ ಕೆಲಸ ಮಾಡಿದ್ದು ಅದರಿಂದ ತಿಳಿದು ಅವರನ್ನು ತೆಗೆದುಹಾಕಿತು. ಅಪರಾಧದ ಅಥವಾ ಗಂಭೀರ ಕರ್ತವ್ಯಲೋಪದ ನಿರ್ದಿಷ್ಟ ಸಂಶಯವಿಲ್ಲದೆ ಹೀಗೆ ಎಲ್ಲವನ್ನೂ ದಾಖಲಿಸಿದ್ದು ವ್ಯಕ್ತಿಯ ಹಕ್ಕಿನ ಉಲ್ಲಂಘನೆ, ಆದ್ದರಿಂದ ಆ ದಾಖಲೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ದಾಖಲೆಯಲ್ಲಿದ್ದದ್ದು ನಿಜವೇ ಆಗಿತ್ತು. ಆದರೂ ಅದು ನಿಲ್ಲಲಿಲ್ಲ.

ಕಾನೂನುಗಳು ಟೈಪಿಂಗ್ ಲಯವನ್ನು ಒಂದೇ ರೀತಿ ಕಾಣುವುದಿಲ್ಲ. ಐರೋಪ್ಯ ಒಕ್ಕೂಟದ ಜಿಡಿಪಿಆರ್ ಬಯೋಮೆಟ್ರಿಕ್ ಮಾಹಿತಿಯ ವ್ಯಾಖ್ಯೆಯಲ್ಲಿ ದೇಹದ ಲಕ್ಷಣಗಳ ಜೊತೆ ನಡವಳಿಕೆಯ ಲಕ್ಷಣಗಳನ್ನೂ ಸೇರಿಸಿದೆ. ಕ್ಯಾಲಿಫೋರ್ನಿಯಾದ ಗ್ರಾಹಕ ಖಾಸಗಿತನ ಕಾಯ್ದೆ ಕೀಲಿ ಒತ್ತುವ ಲಯವನ್ನು ಹೆಸರಿಟ್ಟೇ ಹೇಳುತ್ತದೆ. ಭಾರತದಲ್ಲಿ 2011ರ ಸೂಕ್ಷ್ಮ ಮಾಹಿತಿ ನಿಯಮಗಳು ಬಯೋಮೆಟ್ರಿಕ್ಸ್‌ಗೆ ಕೊಟ್ಟ ಉದಾಹರಣೆಗಳಲ್ಲಿ ಬೆರಳ ಗುರುತು, ಕಣ್ಣು, ಧ್ವನಿ, ಮುಖ, ಕೈಯ ಅಳತೆ, ಡಿಎನ್‌ಎ ಇವೆ, ಟೈಪಿಂಗ್ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸೂಕ್ಷ್ಮ ಮಾಹಿತಿ ಎಂಬ ಪ್ರತ್ಯೇಕ ವರ್ಗವನ್ನೇ ಇಟ್ಟಿಲ್ಲ. ಹದಿನೆಂಟು ತುಂಬದವರ ನಡವಳಿಕೆಯ ಮೇಲೆ ಕಣ್ಣಿಡುವುದನ್ನು ಅದು ನಿಷೇಧಿಸುತ್ತದೆ. ಆದರೆ 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ಶೈಕ್ಷಣಿಕ ಚಟುವಟಿಕೆಯ ಮಟ್ಟಿಗೆ ವಿನಾಯಿತಿ ಕೊಟ್ಟಿವೆ. ಪಿಯುಸಿ ವಿದ್ಯಾರ್ಥಿಯ ಕರಡು ಈ ವಿನಾಯಿತಿಯ ಬಾಗಿಲಲ್ಲೇ ನಿಂತಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಸರ್ಕಾರ ಆ ಹಕ್ಕಿನಲ್ಲಿ ಕೈಹಾಕಬೇಕಾದರೆ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈಹಾಕಬೇಕು ಎಂಬುದು ಅಲ್ಲಿ ಮೂಡಿದ ಅಳತೆ. ಸರ್ಕಾರಿ ವಿಶ್ವವಿದ್ಯಾಲಯಗಳು ಕೀಲಿ ದಾಖಲೆ ಕೇಳುವಾಗ ಈ ಮೂರನೆಯ ಮಾತೇ ಎದುರಾಗಬೇಕು.

ತಕ್ಕಷ್ಟು ಎಂದರೆ ಎಷ್ಟು ಎಂಬುದಕ್ಕೆ ಮೇಲಿನ ಪ್ರಕರಣದಲ್ಲೇ ಉತ್ತರವಿದೆ. ಮೊದಲ ವಿದ್ಯಾರ್ಥಿನಿಯ ಪರವಾಗಿ ಮಾತಾಡಿದ್ದು ಪ್ಯಾರಾದ ಸ್ಥಳಾಂತರ, ಹನ್ನೊಂದು ನಿಮಿಷದ ನಂತರದ ತಿದ್ದುಪಡಿ, ಮೂರು ದಿನಗಳ ಹರವು. ಇವನ್ನು ಕಾಣಲು ಐದು ನಿಮಿಷಕ್ಕೊಂದು ಪ್ರತಿ ಸಾಕು. 91 ಮಿಲಿಸೆಕೆಂಡೋ 87 ಮಿಲಿಸೆಕೆಂಡೋ ಎಂಬುದು ಒಂದು ಕಡೆಯೂ ಬೇಕಾಗಲಿಲ್ಲ. ಬೆರಳೆತ್ತಿದ ಸಮಯವನ್ನು ದಾಖಲಿಸದೇ ಬಿಟ್ಟರೆ ಕೀಲಿ ಒತ್ತಿಹಿಡಿದ ಅವಧಿಯೇ ಇರುವುದಿಲ್ಲ. ಉಳಿದ ಸಮಯಗಳನ್ನು ನಿಮಿಷಕ್ಕೆ ದುಂಡಾಗಿಸಿದರೆ ಲಯವೂ ಹೋಗುತ್ತದೆ, ಅದರೊಂದಿಗೆ ಆರೋಗ್ಯದ ಸುಳಿವೂ ಹೋಗುತ್ತದೆ. ಬರೆದವರ ಪರವಾಗಿ ನಿಲ್ಲುವ ಸಾಕ್ಷ್ಯಕ್ಕೆ ಕೂದಲೆಳೆಯಷ್ಟೂ ನಷ್ಟವಿಲ್ಲ.

ಪ್ರತಿಗಳು ಬರೆದವರ ಬಳಿಯೇ ಇರಬಹುದು. ಆಮೇಲೆ ತಿರುಚಿಲ್ಲ ಎಂದು ತೋರಿಸಬೇಕಾದರೆ ಪ್ರತಿ ಪ್ರತಿಗೂ ಹ್ಯಾಶ್ ಎಂಬ ಗಣಿತದ ಮುದ್ರೆ ತೆಗೆದು, ಆ ಮುದ್ರೆಯನ್ನು ಮಾತ್ರ ಆಗಿಂದಾಗಲೇ ಕಾಲೇಜಿಗೆ ಕಳಿಸಬಹುದು. ಮುದ್ರೆಯಿಂದ ಪಠ್ಯವನ್ನು ತಿರುಗಿ ಪಡೆಯಲಾಗುವುದಿಲ್ಲ. ನಂತರ ಪ್ರತಿ ತೋರಿಸಿದಾಗ ಮುದ್ರೆ ಹೊಂದಿದರೆ ಆ ದಿನ ಆ ಪಠ್ಯ ಇತ್ತು ಎಂದು ಖಚಿತವಾಗುತ್ತದೆ. ಪಠ್ಯ ಯಾರದ್ದು ಎಂಬುದನ್ನು ಇದೂ ಹೇಳುವುದಿಲ್ಲ, ತಡವಾಗಿ ಸೃಷ್ಟಿಸಿದ ಇತಿಹಾಸವನ್ನು ತಡೆಯುತ್ತದೆ ಅಷ್ಟೆ. ಸಂಶಯ ಬಂದರೆ ಬರೆದವರು ತಾವೇ ತೆರೆದು, ತೋರಿಸಬೇಕೆನಿಸಿದ ಭಾಗವನ್ನು ಅಧ್ಯಾಪಕರ ಎದುರು ಕುಳಿತು ತೋರಿಸುತ್ತಾರೆ. ನಕಲು ಯಾರಿಗೂ ಹೋಗುವುದಿಲ್ಲ. ಕಂಪನಿಯ ಸರ್ವರಿನಲ್ಲಿ ಇರಲೇಬೇಕಾದರೆ ಫಲಿತಾಂಶದ ಮೇಲಿನ ಮೇಲ್ಮನವಿಯ ಅವಧಿ ಮುಗಿದ ದಿನ ಅದು ಅಳಿಯಬೇಕು.

ಇತಿಹಾಸವೇ ಇಲ್ಲದವರಿಗೆ, ಅಥವಾ ತೋರಿಸಲು ಒಪ್ಪದವರಿಗೆ, ಬೇರೆ ದಾರಿ ಮೊದಲೇ ತೆರೆದಿರಬೇಕು. ಪಿಎಚ್‌.ಡಿ. ಪ್ರಬಂಧಗಳಿಗೆ ಮೌಖಿಕ ಪರೀಕ್ಷೆ ನಡೆಸುವುದು ನಮ್ಮ ವಿಶ್ವವಿದ್ಯಾಲಯಗಳಿಗೆ ಹೊಸದಲ್ಲ. ಹೂಳಿನ ವಿಷಯವನ್ನು ಮೊದಲಿಗೆ ಏಕೆ ತಂದೆ, ಕೋಡಿಯ ಬಗ್ಗೆ ಏಕೆ ಬರೆಯಲಿಲ್ಲ ಎಂದು ಕೇಳಿದರೆ ಬರೆದವಳು ಉತ್ತರಿಸುತ್ತಾಳೆ. ಮಾತಿನಲ್ಲಿ ಹಿಂಜರಿಯುವವರಿಗೆ ಅದೇ ವಿಷಯದ ಮೇಲೆ ಒಂದು ಪುಟವನ್ನು ಎದುರಿಗೆ ಕೂತು ಕೈಯಲ್ಲಿ ಬರೆಯಲು ಕೊಡಬಹುದು. ಇವಕ್ಕೆ ಅಧ್ಯಾಪಕರ ಸಮಯ ಬೇಕು, ದೊಡ್ಡ ತರಗತಿಗಳಲ್ಲಿ ಅದು ನಿಜಕ್ಕೂ ಕಷ್ಟ. ಆದ್ದರಿಂದ ಪ್ರತಿಯೊಬ್ಬರನ್ನೂ ಹೀಗೆ ಕೂರಿಸದೆ, ಸಂಶಯಕ್ಕೆ ಬೇರೆ ಗಟ್ಟಿ ಕಾರಣವಿರುವ ಕೆಲವರಿಗಷ್ಟೇ ಇದನ್ನು ಇಟ್ಟುಕೊಳ್ಳಬೇಕಾಗುತ್ತದೆ. ದಾಖಲೆ ಕೊಡದಿರುವುದು ಆ ಕಾರಣಗಳಲ್ಲಿ ಒಂದಾಗಬಾರದು ಎಂಬುದನ್ನು ಪರೀಕ್ಷಾ ನಿಯಮದಲ್ಲೇ ಬರೆದಿಡಬೇಕು.